ಡೀಲರ್ ಒಬ್ಬರೇ, ಕೋಡ್ ನಾಲ್ಕು: ಮಾಸ್ಟರ್ ಡೇಟಾ ಇಆರ್‌ಪಿಯಲ್ಲೇ ಇರಲಾ, ಹಬ್ ಬೇಕಾ?

ಪ್ರಶ್ನೆ: ನಮ್ಮದು ಬೆಳಗಾವಿಯಲ್ಲಿ ಕೃಷಿ ಪಂಪ್‌ಸೆಟ್ ತಯಾರಿಸುವ ಕಂಪನಿ. ನಾನು ಐಟಿ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್, ಸ್ಟಾಕ್, ಅಕೌಂಟ್ಸ್ ಎಲ್ಲ ನಮ್ಮ ಇಆರ್‌ಪಿ ಆದ ಎಸ್‌ಎಪಿಯಲ್ಲಿದೆ. ಸೇಲ್ಸ್‌ನವರಿಗೆ ಸಿಆರ್‌ಎಂ, ಡೀಲರ್‌ಗಳಿಗೆ ಆರ್ಡರ್ ಆ್ಯಪ್, ವಾರಂಟಿಗೆ ಸರ್ವಿಸ್ ಆ್ಯಪ್ ಬೇರೆ ಬೇರೆ ಇವೆ. ಒಬ್ಬರೇ ಡೀಲರ್ ನಾಲ್ಕು ಕೋಡ್‌ಗಳಲ್ಲಿ ಕಾಣಿಸುತ್ತಾರೆ. ಕನ್ಸಲ್ಟೆಂಟ್ ಒಬ್ಬರು, ಎಲ್ಲ ಸಿಸ್ಟಮ್‌ಗಳ ಮೂಲ ದಾಖಲೆಗಳನ್ನು ಒಂದೇ ಕಡೆ ಹೊಂದಿಸುವ ಎಂಡಿಎಂ ಹಬ್ ಕೊಳ್ಳಲೇಬೇಕು ಅಂತಾರೆ. ನಮ್ಮ ಫೈನಾನ್ಸ್ ಹೆಡ್ "ಇಆರ್‌ಪಿಯಲ್ಲಿ ಇರೋದೇ ಮಾಸ್ಟರ್, ಉಳಿದವರು ಅಲ್ಲಿಂದ ತಗೊಳ್ಳಲಿ" ಅಂತಾರೆ. ಜಿಎಸ್‌ಟಿ ನಂಬರ್ ಒಂದೇ ಇರುವವರನ್ನೆಲ್ಲ ಸೇರಿಸಿಬಿಟ್ಟರೆ ಸಾಕಲ್ವಾ ಅನ್ನೋದು ನನ್ನ ಯೋಚನೆ. ಯಾವ ದಾರಿ ಸರಿ?

ಉತ್ತರ: ಈಗಲೇ ದೊಡ್ಡ ಹಬ್ ಕೊಳ್ಳಬೇಡಿ. ಹಾಗಂತ ಎಲ್ಲವನ್ನೂ ಇಆರ್‌ಪಿಗೆ ಕಟ್ಟಿಹಾಕಲೂ ಬೇಡಿ. ನಿಮ್ಮಲ್ಲಿ ಮೂರು ಬಗೆಯ ದಾಖಲೆಗಳಿವೆ: ಡೀಲರ್, ಪ್ರಾಡಕ್ಟ್, ಮತ್ತು ಪಂಪ್ ಕೊಂಡ ರೈತ. ಮೂರೂ ಹುಟ್ಟುವ ಜಾಗ ಬೇರೆ, ಅವುಗಳನ್ನು ತಿದ್ದುವ ಹಕ್ಕು ಇರುವವರೂ ಬೇರೆ. ಅದಕ್ಕೇ ಮೂರಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ನಿಮಗೆ ತಲೆನೋವಾಗಿರುವುದು ಡೀಲರ್ ದಾಖಲೆ. ಹಾಗಾಗಿ ಹೆಚ್ಚು ಹೊತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಜಿಎಸ್‌ಟಿ ನಂಬರ್ ವಿಷಯ. ಅದರಲ್ಲಿ 15 ಅಕ್ಷರಗಳಿವೆ. ಮೊದಲ ಎರಡು ರಾಜ್ಯದ ಕೋಡ್: ಕರ್ನಾಟಕಕ್ಕೆ 29, ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಪ್ಯಾನ್. ಹದಿಮೂರನೆಯದು ಅದೇ ಪ್ಯಾನ್‌ಗೆ ಅದೇ ರಾಜ್ಯದಲ್ಲಿ ಎಷ್ಟನೇ ನೋಂದಣಿ ಅನ್ನುವುದನ್ನು ಹೇಳುತ್ತದೆ. ಹದಿನಾಲ್ಕನೆಯದು ಸಾಮಾನ್ಯವಾಗಿ Z. ಕೊನೆಯದು ಟೈಪಿಂಗ್ ತಪ್ಪು ಹಿಡಿಯುವ ಚೆಕ್ ಅಕ್ಷರ. ಅಂದರೆ ಆ ನಂಬರ್ ಗುರುತಿಸುವುದು ಒಂದು ತೆರಿಗೆ ನೋಂದಣಿಯನ್ನು. ನಿಮ್ಮ ಸೇಲ್ಸ್ ಆಫೀಸರ್ ಭೇಟಿಯಾಗುವ ಅಂಗಡಿ, ಲಾರಿ ಹೋಗಿ ಇಳಿಸುವ ಗೋದಾಮು, ಸಾಲದ ಮಿತಿ ಕೊಡಬೇಕಾದ ಮನುಷ್ಯ, ಈ ಮೂರೂ ಅದರಿಂದ ಗೊತ್ತಾಗುವುದಿಲ್ಲ.

ನಿಮ್ಮಂಥ ಕಂಪನಿಗಳಲ್ಲಿ ಪದೇಪದೇ ಕಾಣುವ ಒಂದು ಮಾದರಿ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಡೀಲರ್. ಅಂಗಡಿ ಮೊದಲು ಅಪ್ಪನ ಹೆಸರಲ್ಲಿತ್ತು. ಇಆರ್‌ಪಿಯಲ್ಲಿ ಅವರ ಕೋಡ್ 100245. 2023ರ ಏಪ್ರಿಲ್‌ನಲ್ಲಿ ಮಗನೂ ಸೇರಿ ಪಾಲುದಾರಿಕೆ ಸಂಸ್ಥೆ ಆಯಿತು, ಹೊಸ ಕೋಡ್ 100871. ಅದೇ ವರ್ಷ ಗದಗ ರಸ್ತೆಯಲ್ಲಿ ಗೋದಾಮು ಮಾಡಿದರು. ಅಲ್ಲಿಗೆ ಮಾಲು ಕಳಿಸಲು ಯಾರೋ 101130 ಅಂತ ಮತ್ತೊಂದು ಕೋಡ್ ತೆರೆದರು. 2024ರಲ್ಲಿ ಮಡಗಾಂವ್‌ನಲ್ಲಿ ಶಾಖೆ ಬಂತು, ಕೋಡ್ 101302. ಬೋರ್ಡಿನ ಮೇಲಿನ ಹೆಸರು ನಾಲ್ಕೂ ಕಡೆ ಒಂದೇ, ಫೋನ್ ನಂಬರೂ ಒಂದೇ. ಸೇಲ್ಸ್ ಟೀಮಿನ ಕಣ್ಣಿಗೆ ಇವರು ಒಬ್ಬರೇ.

ಈ ನಾಲ್ಕರಲ್ಲಿ ನಿಜವಾಗಿ ಹೆಚ್ಚುವರಿ ಇರುವುದು ಒಂದೇ, 101130. ಅದು ಗ್ರಾಹಕ ಅಲ್ಲ, ಮಾಲು ಇಳಿಸುವ ವಿಳಾಸ. ಎಸ್‌ಎಪಿಯಲ್ಲಿ ಅದನ್ನು 100871ರ ಕೆಳಗೆ ಶಿಪ್-ಟು ಪಾರ್ಟಿಯಾಗಿ ಇಡಬೇಕಿತ್ತು. ಬದಲಿಗೆ ಪೂರ್ತಿ ಗ್ರಾಹಕನನ್ನಾಗಿ ತೆರೆದಿದ್ದಾರೆ. ಹಾಗಾಗಿ ಅದಕ್ಕೂ ಬೇರೆ ಸಾಲದ ಮಿತಿ ಸಿಕ್ಕಿದೆ, ಬಾಕಿ ಎರಡು ಲೆಡ್ಜರ್‌ಗಳಲ್ಲಿ ಹಂಚಿಹೋಗಿದೆ.

ಅಪ್ಪನ ಹಳೆಯ ಕೋಡ್ ಹಾಗಲ್ಲ. ಒಬ್ಬರ ಮಾಲೀಕತ್ವದ ಅಂಗಡಿ ನಡೆಯುವುದು ಆ ವ್ಯಕ್ತಿಯ ಸ್ವಂತ ಪ್ಯಾನ್ ಮೇಲೆ. ಅದರ ನಾಲ್ಕನೇ ಅಕ್ಷರ P. ಪಾಲುದಾರಿಕೆ ಸಂಸ್ಥೆಗೆ ಹೊಸ ಪ್ಯಾನ್ ಬರುತ್ತದೆ, ಅಲ್ಲಿ ನಾಲ್ಕನೆಯದು F. ಪ್ಯಾನ್ ಬದಲಾದರೆ ಜಿಎಸ್‌ಟಿ ನಂಬರೂ ಬದಲು. ಕಾನೂನಿನ ಪ್ರಕಾರ ಇವರು ಎರಡು ಬೇರೆ ವ್ಯಕ್ತಿಗಳು. ಹಳೆಯ ಬಾಕಿ ಅಪ್ಪನ ಮೇಲೇ ಇರುತ್ತದೆ. ಎರಡನ್ನೂ ಒಂದು ಮಾಡಿಬಿಟ್ಟರೆ ನಾಳೆ ವಸೂಲಿಗೆ ನೋಟಿಸ್ ಕಳಿಸುವಾಗ ಯಾರ ಹೆಸರಿಗೆ ಅಂತ ನಿಮ್ಮ ಲೀಗಲ್‌ನವರು ಒದ್ದಾಡುತ್ತಾರೆ.

ಮಡಗಾಂವ್ ಶಾಖೆಯದು ಇದಕ್ಕೆ ಉಲ್ಟಾ. ಪ್ಯಾನ್ ಒಂದೇ, ಜಿಎಸ್‌ಟಿ ನಂಬರ್ ಬೇರೆ. ಅದನ್ನು ಹುಬ್ಬಳ್ಳಿ ಕೋಡ್‌ಗೆ ಸೇರಿಸಿದರೆ ಬಿಲ್ 29ರ ನಂಬರ್ ಮೇಲೆ ಹೋಗುತ್ತದೆ. ಐಜಿಎಸ್‌ಟಿ ಹಾಕಬೇಕಾದ ಕಡೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೀಳುತ್ತವೆ. ಗೋವಾ ಶಾಖೆಯ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ ಕಾಣುವುದೇ ಇಲ್ಲ, ಅಲ್ಲಿ ಅವರಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅದರ ಫೋನ್ ಬರುವುದು ನಿಮ್ಮ ಫೈನಾನ್ಸ್ ಹೆಡ್‌ಗೆ.

ಹಾಗಾದರೆ ಜಿಎಸ್‌ಟಿ ನಂಬರ್ ಹಿಡಿದು ಹುಡುಕುವುದೇ ಬೇಡವಾ? ಖಂಡಿತ ಬೇಕು, ಹುಡುಕಲು ಅದು ತುಂಬ ಒಳ್ಳೆಯದು. ಸೇರಿಸುವ ತೀರ್ಮಾನ ಮಾತ್ರ ಅದೊಂದರ ಮೇಲೆ ಬಿಡಬಾರದು. ಎಸ್‌ಎಪಿಯಲ್ಲಿ ಭಾರತದ ಗ್ರಾಹಕರ ಜಿಎಸ್‌ಟಿ ನಂಬರ್ ಇರುವುದು KNA1 ಟೇಬಲ್‌ನ STCD3 ಫೀಲ್ಡ್‌ನಲ್ಲಿ. ಈ ಕ್ವೆರಿ ಓಡಿಸಿ ನೋಡಿ:

```sql
SELECT stcd3, COUNT(*)
FROM kna1
WHERE stcd3 <> ''
GROUP BY stcd3
HAVING COUNT(*) > 1;
```

ಬಂದ ಪ್ರತಿ ನಂಬರ್ ಯಾವ ಯಾವ ಕೋಡ್‌ಗಳಲ್ಲಿದೆ ಅಂತ ತೆಗೆದು ಅವುಗಳ ಹೆಸರು, ವಿಳಾಸ ನೋಡಿ. ಅವುಗಳಲ್ಲಿ ಬಹುಪಾಲು ಗೋದಾಮಿನ ವಿಳಾಸಗಳೇ ಇದ್ದರೆ ನಿಮ್ಮ ಸಮಸ್ಯೆ ಶಿಪ್-ಟು ಬಳಕೆ ಗೊತ್ತಿಲ್ಲದ್ದು. ಅದಕ್ಕೆ ಹಬ್ ಬೇಕಿಲ್ಲ, ಕೋಡ್ ತೆರೆಯುವವರಿಗೆ ಸರಿಯಾದ ತರಬೇತಿ ಸಾಕು. ಒಂದೇ ವಿಳಾಸ, ಸ್ವಲ್ಪ ಬೇರೆ ಸ್ಪೆಲ್ಲಿಂಗ್ ಇರುವ ಜೋಡಿಗಳೇ ಜಾಸ್ತಿ ಇದ್ದರೆ ಕೋಡ್ ತೆರೆಯುವ ಮುಂಚೆ ಯಾರೂ ಹುಡುಕುತ್ತಿಲ್ಲ ಅಂತ ಅರ್ಥ.

ಆ ಹುಡುಕಾಟ ನಮ್ಮ ಕಡೆ ಸುಲಭವೂ ಅಲ್ಲ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ Laxmi, Lakshmi, Laksmi ಮೂರೂ ಬರುತ್ತವೆ. ಮುಂದೆ Sri, Shri, Shree, M/s ಯಾವುದಾದರೂ ಇರಬಹುದು. ಇನ್ನೊಂದು ಕಡೆ, ಒಂದೇ ತಾಲ್ಲೂಕಿನಲ್ಲಿ ಬಸವೇಶ್ವರನ ಹೆಸರಿನ ಅಂಗಡಿಗಳು ಹಲವು ಇರುತ್ತವೆ, ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಫೋನ್ ನಂಬರ್ ನಂಬೋಣ ಅಂದರೆ, ಹಲವು ಅಂಗಡಿಯವರು ತಮ್ಮ ಲೆಕ್ಕ ಬರೆಯುವವರ ನಂಬರ್ ಕೊಟ್ಟಿರುತ್ತಾರೆ. ಮಾರುವವರು ಎಷ್ಟೇ ಚೆನ್ನಾಗಿ ಡೆಮೊ ತೋರಿಸಿದರೂ ಯಾವ ಹಬ್‌ಗೂ ಈ ಕಷ್ಟ ತಪ್ಪಿದ್ದಲ್ಲ. ಹಬ್ ಎರಡು ದಾಖಲೆಗಳಿಗೆ ಹೋಲಿಕೆಯ ಅಂಕ ಕೊಡುತ್ತದೆ. ಅಂಕ ಬಹಳ ಮೇಲಿದ್ದರೆ ತಾನೇ ಸೇರಿಸುತ್ತದೆ, ಬಹಳ ಕೆಳಗಿದ್ದರೆ ಬಿಡುತ್ತದೆ. ನಡುವೆ ಉಳಿದವನ್ನು ಒಬ್ಬ ಮನುಷ್ಯ ಕೂತು ನೋಡಬೇಕು. ಆ ಮನುಷ್ಯನನ್ನು ನೇಮಿಸದೆ ಹಬ್ ಕೊಂಡ ಕಂಪನಿಗಳಲ್ಲಿ ನಡುವಿನ ಸಾಲು ಸುಮ್ನೆ ಬೆಳೆಯುತ್ತಾ ಹೋಗುವುದನ್ನು ನಾನು ನೋಡಿದ್ದೇನೆ. ಕೊನೆಗೆ ಯಾರೋ ಬೇಸತ್ತು ಅಂಕದ ಮಿತಿಯನ್ನು ಇಳಿಸುತ್ತಾರೆ, ಬೇರೆ ಬೇರೆ ಡೀಲರ್‌ಗಳು ಒಂದಾಗಿಬಿಡುತ್ತಾರೆ. ಹಬ್ ಕೊಂಡರೂ ಬಿಟ್ಟರೂ ಸೇಲ್ಸ್ ಅಡ್ಮಿನ್‌ನಲ್ಲಿ ಊರು, ಡೀಲರ್‌ಗಳು ಗೊತ್ತಿರುವ ಒಬ್ಬರಿಗೆ ಈ ಕೆಲಸ ಅಧಿಕೃತವಾಗಿ ಕೊಡಿ.

ಸೇರಿಸುವುದು ಅಂದರೆ ಏನು ಅನ್ನುವುದರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಹಬ್‌ನಲ್ಲಿ ಎರಡು ದಾಖಲೆ ಒಂದಾದರೂ ಇಆರ್‌ಪಿಯಲ್ಲಿ ಎರಡು ಕೋಡ್ ಹಾಗೇ ಇರುತ್ತವೆ. ಹಳೆಯ ಇನ್‌ವಾಯ್ಸ್‌ಗಳು ಆ ಕೋಡ್ ಮೇಲೆ ಬರೆದುಹೋಗಿವೆ, ಅವನ್ನು ಅಳಿಸಲು ಬರುವುದಿಲ್ಲ. ಮಾಡಲಾಗುವುದು ಇಷ್ಟು: ಹೆಚ್ಚುವರಿ ಕೋಡ್‌ಗೆ ಹೊಸ ಆರ್ಡರ್ ಬರದಂತೆ ಬ್ಲಾಕ್ ಮಾಡಬಹುದು. ಬಾಕಿ ಇರುವ ಬಿಲ್‌ಗಳನ್ನು ಅಕೌಂಟ್ಸ್‌ನವರು ಜರ್ನಲ್ ಎಂಟ್ರಿಯಿಂದ ಸರಿಯಾದ ಕೋಡ್‌ಗೆ ದಾಟಿಸಬಹುದು. ನಮ್ಮ ಉದಾಹರಣೆಯಲ್ಲಿ 101130ಕ್ಕೆ ಮಾಡಬೇಕಾದ್ದು ಇದೇ. ಇದು ಫೈನಾನ್ಸ್‌ನವರ ಕೆಲಸ, ಯಾವ ಸಾಫ್ಟ್‌ವೇರೂ ಅವರ ಪರವಾಗಿ ಮಾಡುವುದಿಲ್ಲ.

ಈಗ ನಿಮ್ಮ ಫೈನಾನ್ಸ್ ಹೆಡ್ ಮಾತು. ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಕಾನೂನಿನ ಹೆಸರು, ಜಿಎಸ್‌ಟಿ ನಂಬರ್, ಸಾಲದ ಮಿತಿ, ಹಣ ಕೊಡುವ ಗಡುವು, ಇವುಗಳಿಗೆ ಇಆರ್‌ಪಿಯೇ ಒಡೆಯ. ಅವುಗಳನ್ನು ಸಿಆರ್‌ಎಂನಿಂದ ತಿದ್ದಲು ಬಿಡಬಾರದು. ಆದರೆ ಡೀಲರ್ ದಾಖಲೆ ಹುಟ್ಟುವುದು ಇಆರ್‌ಪಿಯಲ್ಲಲ್ಲ. ಅದು ಹುಟ್ಟುವುದು ಸೇಲ್ಸ್ ಆಫೀಸರ್ ಒಂದು ಹೊಸ ಅಂಗಡಿಗೆ ಹೋಗಿ ಮಾತಾಡಿದ ದಿನ.

ಅವತ್ತು ಅವರ ಕೈಯಲ್ಲಿ ಇರುವುದು ಹೆಸರು, ಫೋನ್, ಬಹುಶಃ ಜಿಎಸ್‌ಟಿ ನಂಬರ್. ಎಸ್‌ಎಪಿಯಲ್ಲಿ ಗ್ರಾಹಕನ ಕೋಡ್ ತೆರೆಯಲು ಅಕೌಂಟ್ ಗ್ರೂಪ್ ಬೇಕು, ರಿಕನ್ಸಿಲಿಯೇಶನ್ ಅಕೌಂಟ್ ಬೇಕು, ಸೇಲ್ಸ್ ಏರಿಯಾ ಬೇಕು, ಪೇಮೆಂಟ್ ಟರ್ಮ್ಸ್ ಬೇಕು. ಇವು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಫಾರಂ ಫೈನಾನ್ಸ್‌ಗೆ ಹೋಗುತ್ತದೆ, ಎರಡು ಮೂರು ದಿನ ಕೂರುತ್ತದೆ. ಬೇಸಿಗೆ ಶುರುವಾಗಿ ಬೋರ್‌ವೆಲ್ ಕೆಲಸ ಜೋರಾಗಿರುವಾಗ ಅಷ್ಟು ದಿನ ಯಾರು ಕಾಯುತ್ತಾರೆ? ಪಕ್ಕದ ಊರಿನ ಹಳೆಯ ಡೀಲರ್ ಕೋಡ್ ಮೇಲೆ ಆರ್ಡರ್ ಹಾಕಿ, ವಿಳಾಸ ಮಾತ್ರ ಹೊಸದು ಬರೆಯುತ್ತಾರೆ. ಈಗ ಬಾಕಿ ಒಬ್ಬರ ಲೆಡ್ಜರ್‌ನಲ್ಲಿ, ಮಾಲು ಇನ್ನೊಬ್ಬರ ಅಂಗಡಿಯಲ್ಲಿ. ಬಿಲ್ ಮೇಲಿನ ಜಿಎಸ್‌ಟಿ ನಂಬರೂ ತಪ್ಪು. ನನ್ನ ಅನುಭವದಲ್ಲಿ ಡೇಟಾ ಕೆಡಲು ಸ್ಪೆಲ್ಲಿಂಗ್ ತಪ್ಪಿಗಿಂತ ದೊಡ್ಡ ಕಾರಣ ಈ ಕಾಯುವಿಕೆ. "ಎಲ್ಲರೂ ಇಆರ್‌ಪಿಯಿಂದಲೇ ತಗೊಳ್ಳಲಿ" ಅನ್ನುವ ಒಂದೇ ನಿಯಮ ಮಾಡಿದರೆ ಇದು ಕಮ್ಮಿ ಆಗುವುದಿಲ್ಲ, ಜಾಸ್ತಿ ಆಗುತ್ತದೆ.

ಡೀಲರ್‌ಗಳಿಗೆ ನಾನು ಸೂಚಿಸುವುದು ಇವೆರಡರ ನಡುವಿನ ದಾರಿ. ಹಬ್‌ಗಳಲ್ಲಿ ಅತ್ಯಂತ ಹಗುರವಾದ ಬಗೆಗೆ ರಿಜಿಸ್ಟ್ರಿ ಅಂತಾರೆ. ಅದು ದಾಖಲೆಯನ್ನು ತನ್ನೊಳಗೆ ತುಂಬಿಕೊಳ್ಳುವುದಿಲ್ಲ. ಯಾವ ಸಿಸ್ಟಮ್‌ನಲ್ಲಿ ಇವರ ಕೋಡ್ ಏನು ಅನ್ನುವುದನ್ನಷ್ಟೇ ಬರೆದಿಡುತ್ತದೆ. ನಿಮ್ಮ ಈಗಿನ ಡೇಟಾಬೇಸ್‌ನಲ್ಲೇ ನಿಮ್ಮ ಹುಡುಗರು ಇದನ್ನು ಕಟ್ಟಬಹುದು. ಹುಬ್ಬಳ್ಳಿ ಡೀಲರ್ ಅದರಲ್ಲಿ ಹೀಗೆ ಕಾಣುತ್ತಾರೆ:

```
party_id  system  local_id  role     valid_from  valid_to
P-0101    ERP     100245    sold_to  2018-06-01  2023-03-31
P-0102    ERP     100871    sold_to  2023-04-01
P-0102    ERP     101130    ship_to  2023-07-10
P-0102    CRM     C-5567    account  2023-04-01
P-0103    ERP     101302    sold_to  2024-01-15
```

ಇದರ ಪಕ್ಕದಲ್ಲಿ ಸಂಬಂಧಗಳಿಗೆ ಇನ್ನೊಂದು ಚಿಕ್ಕ ಟೇಬಲ್ ಇರಲಿ. P-0101ರ ಮುಂದುವರಿಕೆ P-0102. P-0102 ಮತ್ತು P-0103 ಒಂದೇ ಪ್ಯಾನ್. ಒಟ್ಟು ಬಾಕಿ ಎಷ್ಟು, ಒಟ್ಟು ವ್ಯಾಪಾರ ಎಷ್ಟು ಅಂತ ಸೇಲ್ಸ್‌ನವರು ಕೇಳಿದಾಗ ಈ ಸಂಬಂಧ ಹಿಡಿದು ಕೂಡಿಸಿ ತೋರಿಸಿ. ದಾಖಲೆಗಳನ್ನು ಕಲಸದೆಯೇ "ಒಬ್ಬರೇ ಡೀಲರ್" ಅನ್ನುವ ನೋಟ ಅವರಿಗೆ ಸಿಗುತ್ತದೆ. ತಾರೀಖಿನ ಎರಡು ಕಾಲಂ ಬಿಡಬೇಡಿ. ಅವಿಲ್ಲದಿದ್ದರೆ ಹಳೆಯ ವರ್ಷಗಳ ರಿಪೋರ್ಟ್ ತೆಗೆದಾಗ ಅಪ್ಪನ ಕಾಲದ ಮಾರಾಟವೆಲ್ಲ ಹೊಸ ಸಂಸ್ಥೆಯದಾಗಿ ಕಾಣುತ್ತದೆ.

ಹೊಸ ಡೀಲರ್ ಬಂದಾಗ ಸೇಲ್ಸ್ ಆಫೀಸರ್ ಸಿಆರ್‌ಎಂನಲ್ಲಿ ಮೊದಲು ಹುಡುಕಬೇಕು. ಜಿಎಸ್‌ಟಿ ನಂಬರ್, ಪ್ಯಾನ್, ಫೋನ್, ಹೆಸರು ಮತ್ತು ಪಿನ್‌ಕೋಡ್, ಹೀಗೆ ಯಾವುದರಿಂದ ಹುಡುಕಿದರೂ ಸಿಗಬೇಕು. ಸಿಗದಿದ್ದರೆ ಆ ಕ್ಷಣವೇ ಒಂದು party_id ಹುಟ್ಟಲಿ. ಅದರ ಮೇಲೆ ಕೊಟೇಶನ್ ಕೊಡಬಹುದು, ಆರ್ಡರ್ ಬರೆದುಕೊಳ್ಳಬಹುದು. ಬಿಲ್ ಮಾತ್ರ ಆಗುವುದಿಲ್ಲ. ಫೈನಾನ್ಸ್ ಒಪ್ಪಿ ಇಆರ್‌ಪಿ ಕೋಡ್ ಬಂದು ಆ ಸಾಲಿಗೆ ಸೇರಿದ ಮೇಲೆ ಬಿಲ್. ಕಾಯುವ ಹೊತ್ತಿನಲ್ಲಿ ಬೇರೆಯವರ ಕೋಡ್ ಬಳಸುವ ಒತ್ತಡ ಇರುವುದಿಲ್ಲ. ಜೊತೆಗೆ ಯಾವ ವಿವರ ಯಾರದು ಅಂತ ಒಂದು ಪುಟದಲ್ಲಿ ಬರೆದು ಇಬ್ಬರು ಮುಖ್ಯಸ್ಥರ ಸಹಿ ಹಾಕಿಸಿ. ಹಣ ಮತ್ತು ತೆರಿಗೆಯ ವಿವರ ಇಆರ್‌ಪಿಯದು, ಸಂಪರ್ಕದ ವಿವರ ಸಿಆರ್‌ಎಂನದು. ಮಾಲು ಇಳಿಸುವ ವಿಳಾಸವನ್ನು ಡೀಲರ್ ಆ್ಯಪ್‌ನಲ್ಲಿ ಸೂಚಿಸಬಹುದು, ಒಪ್ಪುವುದು ಸೇಲ್ಸ್ ಅಡ್ಮಿನ್.

ಈ ದಾರಿಯಲ್ಲೂ ಅಪಾಯ ಇದೆ. ರಿಜಿಸ್ಟ್ರಿ ಯಾವ ದಾಖಲೆಯನ್ನೂ ತಿದ್ದುವುದಿಲ್ಲ. ಸಿಆರ್‌ಎಂನಲ್ಲಿ ಹಳೆಯ ವಿಳಾಸ, ಇಆರ್‌ಪಿಯಲ್ಲಿ ಹೊಸದು ಇದ್ದರೆ ಅದು ಎರಡನ್ನೂ ಹಾಗೇ ಬಿಡುತ್ತದೆ. ತಿದ್ದಿದ್ದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವ ಇಂಟರ್‌ಫೇಸ್‌ಗಳನ್ನು ನೀವೇ ಬರೆಯಬೇಕು. ಅಲ್ಲಿ ಒಂದು ಎಚ್ಚರ. ಇಆರ್‌ಪಿ ಕಳಿಸಿದ ಬದಲಾವಣೆಯನ್ನು ಸಿಆರ್‌ಎಂ ಉಳಿಸಿಕೊಂಡ ಕೂಡಲೇ ಅದನ್ನು ಹೊಸ ಬದಲಾವಣೆ ಅಂದುಕೊಂಡು ವಾಪಸ್ ಕಳಿಸಬಹುದು. ಇಆರ್‌ಪಿ ಅದನ್ನು ಮತ್ತೆ ಇತ್ತ ಕಳಿಸುತ್ತದೆ. ಒಂದೇ ಡೀಲರ್ ದಾಖಲೆ ದಿನಕ್ಕೆ ಹತ್ತಾರು ಸಲ ಬದಲಾದಂತೆ ಲಾಗ್‌ನಲ್ಲಿ ಕಂಡರೆ ಇದೇ ಆಗುತ್ತಿದೆ ಅಂತ ತಿಳಿಯಿರಿ. ಪ್ರತಿ ಸಂದೇಶದಲ್ಲೂ ಬದಲಾವಣೆ ಮೊದಲು ಎಲ್ಲಿ ಆಯಿತು ಅನ್ನುವ ಗುರುತು ಇಟ್ಟು, ತನ್ನದೇ ಬದಲಾವಣೆ ಮರಳಿ ಬಂದರೆ ಬಿಟ್ಟುಬಿಡುವ ಹಾಗೆ ಮಾಡಿ.

ನಿಮ್ಮ ಕನ್ಸಲ್ಟೆಂಟ್ ಹೇಳುತ್ತಿರುವುದು ಬಹುಶಃ ಪೂರ್ತಿ ಕೇಂದ್ರೀಕೃತ ಹಬ್. ಗ್ರಾಹಕ ಹುಟ್ಟುವುದೂ ತಿದ್ದುವುದೂ ಅಲ್ಲೇ, ಇಆರ್‌ಪಿ ಸೇರಿ ಉಳಿದವೆಲ್ಲ ಅಲ್ಲಿಂದ ಪಡೆಯುತ್ತವೆ. ಎರಡು ಮೂರು ಇಆರ್‌ಪಿ ಇರುವ ಕಂಪನಿಗಳಲ್ಲಿ ಇದು ಬೇಕೇ ಬೇಕಾಗುತ್ತದೆ, ಅಲ್ಲಿ ನಾನೇ ಶಿಫಾರಸು ಮಾಡಿದ್ದೇನೆ. ನಿಮ್ಮಲ್ಲಿ ಇರುವುದು ಒಂದೇ ಇಆರ್‌ಪಿ. ಹಬ್‌ನಲ್ಲಿ ಒಪ್ಪಿಗೆ ಸಿಕ್ಕ ಡೀಲರ್, ಇಆರ್‌ಪಿಗೆ ಬೇಕಾದ ಒಂದು ಫೀಲ್ಡ್ ಇಲ್ಲದೆ ಅಲ್ಲಿ ತಿರಸ್ಕೃತವಾಗಿ ಎರರ್ ಸಾಲಿನಲ್ಲಿ ಬಿದ್ದಿರುತ್ತಾರೆ. ಹಬ್‌ನ ಸ್ಕ್ರೀನ್‌ನಲ್ಲಿ ಎಲ್ಲ ಹಸಿರು, ಲಾರಿ ಮಾತ್ರ ಹೊರಡುವುದಿಲ್ಲ. ಇದನ್ನು ತಪ್ಪಿಸಲು ಇಆರ್‌ಪಿಯ ಎಲ್ಲ ನಿಯಮಗಳನ್ನೂ ಹಬ್‌ನಲ್ಲಿ ಮತ್ತೊಮ್ಮೆ ಬರೆಯಬೇಕು, ಎರಡು ಕಡೆ ಕಾಪಾಡಬೇಕು. ಒಂದೇ ಇಆರ್‌ಪಿ ಇರುವಲ್ಲಿ ಆ ಶ್ರಮಕ್ಕೆ ತಕ್ಕ ಲಾಭ ನನಗೆ ಕಾಣುವುದಿಲ್ಲ.

ಪ್ರಾಡಕ್ಟ್ ವಿಷಯ ಸಲೀಸು. ನಿಮ್ಮ ಪಂಪ್‌ಗೆ ಕೋಡ್ ಹುಟ್ಟುವುದು ನಿಮ್ಮದೇ ಕಾರ್ಖಾನೆಯಲ್ಲಿ. ಎಚ್‌ಎಸ್‌ಎನ್, ಅಳತೆಯ ಯೂನಿಟ್, ಬೆಲೆಯ ಲೆಕ್ಕ ಎಲ್ಲ ಇಆರ್‌ಪಿಯಲ್ಲಿದೆ. ಅದು ಅಲ್ಲೇ ಇರಲಿ, ಉಳಿದವರು ಓದಿಕೊಳ್ಳಲಿ. ಫೋಟೊ, ಕ್ಯಾಟಲಾಗ್ ವಿವರಣೆಯನ್ನು ಆರ್ಡರ್ ಆ್ಯಪ್ ತನ್ನ ಬಳಿ ಇಟ್ಟುಕೊಳ್ಳಬಹುದು. ಒಂದೇ ಒಂದು ಕಡೆ ಗಮನ ಕೊಡಿ: ಯೂನಿಟ್. ಕೇಬಲ್ ಇಆರ್‌ಪಿಯಲ್ಲಿ ಮೀಟರ್ ಲೆಕ್ಕ, ಆ್ಯಪ್‌ನಲ್ಲಿ ಡೀಲರ್ ಒತ್ತುವುದು 1 ಕಾಯಿಲ್. ಯೂನಿಟ್ ಕಳಿಸದೆ ಸಂಖ್ಯೆ ಮಾತ್ರ ಕಳಿಸಿದರೆ 100 ಮೀಟರ್ ಬದಲು 1 ಮೀಟರ್‌ಗೆ ಆರ್ಡರ್ ಬೀಳುತ್ತದೆ. ಸ್ಟಾಕ್ ಇರುವ ಐಟಂನ ಮೂಲ ಯೂನಿಟ್ ಅನ್ನು ಎಸ್‌ಎಪಿ ಬದಲಿಸಲು ಬಿಡುವುದಿಲ್ಲ. ಅದಕ್ಕೆ ಕಾಯಿಲ್ ಅನ್ನು ಪರ್ಯಾಯ ಯೂನಿಟ್ ಆಗಿ ಸೇರಿಸಿ, ಆ ಲೆಕ್ಕವನ್ನು ಆ್ಯಪ್‌ಗೂ ಕಳಿಸಿ.

ಇನ್ನು ರೈತರು. ಅವರನ್ನು ಇಆರ್‌ಪಿಗೆ ತರಲೇಬೇಡಿ. ಅವರು ಕೊಂಡದ್ದು ಡೀಲರ್ ಹತ್ತಿರ, ನಿಮ್ಮ ಲೆಡ್ಜರ್‌ನಲ್ಲಿ ಅವರಿಗೆ ಕೆಲಸ ಇಲ್ಲ. ಜಿಎಸ್‌ಟಿ ನಂಬರ್ ಇರುವುದು ಅಪರೂಪ, ಫೋನ್ ನಂಬರ್ ಬದಲಾಗುತ್ತಿರುತ್ತದೆ. ಕೆಲವೊಮ್ಮೆ ಅದು ಪಟ್ಟಣದಲ್ಲಿರುವ ಮಗನದು. ಇಲ್ಲಿ ಗಟ್ಟಿ ಗುರುತು ಪಂಪಿನ ಸೀರಿಯಲ್ ನಂಬರ್. ಸರ್ವಿಸ್ ಆ್ಯಪ್ ಆ ನಂಬರ್ ಹಿಡಿದು ದಾಖಲೆ ಇಡಲಿ, ಮನುಷ್ಯರು ಅದಕ್ಕೆ ಅಂಟಿಕೊಳ್ಳಲಿ. ಸರ್ವಿಸ್ ಸೆಂಟರ್‌ನಲ್ಲಿ ಬಿಡಿಭಾಗ ನೇರವಾಗಿ ಮಾರಿದರೆ ಎಸ್‌ಎಪಿಯ ಒನ್-ಟೈಮ್ ಕಸ್ಟಮರ್ ಕೋಡ್ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಜನರಿಗೆ ತಮ್ಮ ವಿವರ ತಿದ್ದಿಸುವ, ಅಳಿಸಿಸುವ ಹಕ್ಕು ಕೊಟ್ಟಿದೆ. ರೈತರ ಫೋನ್ ನಂಬರ್ ಒಂದೇ ಕಡೆ ಇದ್ದರೆ ಅಂಥ ಕೋರಿಕೆ ಬಂದಾಗ ಕೆಲಸ ಕಮ್ಮಿ.

ಹಬ್ ಬೇಕಾಗುವ ಕಾಲ ಮುಂದೆ ಬರಬಹುದು. ಇನ್ನೊಂದು ಕಂಪನಿ ಕೊಂಡು ಅವರ ಇಆರ್‌ಪಿಯೂ ನಿಮ್ಮಲ್ಲಿಗೆ ಬಂದರೆ ಒಂದು. ನೇರವಾಗಿ ಆನ್‌ಲೈನ್ ಮಾರಾಟ ಶುರುಮಾಡಿ, ಅದೇ ರೈತರನ್ನು ಸರ್ವಿಸ್ ಮತ್ತು ಮಾರಾಟ ಎರಡೂ ಕಡೆಯವರು ತಿದ್ದಲು ಶುರುಮಾಡಿದರೆ ಇನ್ನೊಂದು. ಆಗಲೂ ಈ ರಿಜಿಸ್ಟ್ರಿ ವ್ಯರ್ಥ ಆಗುವುದಿಲ್ಲ. ಯಾವ ಹಬ್ ಕೊಂಡರೂ ಮೊದಲು ತುಂಬಬೇಕಾದ್ದು ಈ ಕೋಡ್‌ಗಳ ಜೋಡಣೆಯನ್ನೇ.

ಕೊನೆಯದಾಗಿ ಒಂದು ವಿಷಯ ನೋಡಿಕೊಳ್ಳಿ. ನಿಮ್ಮದು ಇನ್ನೂ ಎಸ್‌ಎಪಿಯ ಹಳೆಯ ಆವೃತ್ತಿಯಾದ ಇಸಿಸಿ 6.0 ಆಗಿದ್ದರೆ, ಅದರ ಎನ್‌ಹಾನ್ಸ್‌ಮೆಂಟ್ ಪ್ಯಾಕೇಜ್ 6ರಿಂದ 8ರವರೆಗಿನವಕ್ಕೆ ಮುಖ್ಯ ಬೆಂಬಲ 2027ರ ಕೊನೆಯವರೆಗೆ, ಅದಕ್ಕಿಂತ ಹಳೆಯವಕ್ಕೆ 2025ರ ಕೊನೆಯವರೆಗೆ ಮಾತ್ರ. ಹೊಸ ಆವೃತ್ತಿಯಾದ ಎಸ್/4ಹಾನಾಗೆ ಹೋಗುವಾಗ ಗ್ರಾಹಕ ಮತ್ತು ಸಪ್ಲೈಯರ್ ಕೋಡ್‌ಗಳೆಲ್ಲ ಬಿಸಿನೆಸ್ ಪಾರ್ಟ್‌ನರ್ ದಾಖಲೆಗಳಾಗಿ ಬದಲಾಗಬೇಕು. ನಿಮಗೆ ಮಾಲು ಕೊಡುವ ಡೀಲರ್‌ಗಳಿದ್ದರೆ ಅವರು ಅಲ್ಲಿ ಎರಡು ಪಾತ್ರಗಳಿರುವ ಒಂದೇ ದಾಖಲೆ ಆಗಬಹುದು. ತಪ್ಪು ಜಿಎಸ್‌ಟಿ ನಂಬರ್, ಅರೆಬರೆ ವಿಳಾಸ ಇರುವ ಕೋಡ್‌ಗಳು ಆ ಹಂತದಲ್ಲಿ ಒಟ್ಟಿಗೆ ಎರರ್ ಕೊಡುತ್ತವೆ. ಆದ್ದರಿಂದ 101130ರಂಥ ಕೋಡ್‌ಗಳನ್ನು ಬ್ಲಾಕ್ ಮಾಡಿ ಬಾಕಿ ದಾಟಿಸುವ ಕೆಲಸ ಆ ಪ್ರಾಜೆಕ್ಟ್‌ಗೆ ಮುಂಚೆಯೇ ಆಗಲಿ. ಅದಕ್ಕೆ ಒಳ್ಳೆಯ ಸಮಯ ಮಳೆಗಾಲ, ಪಂಪ್ ಆರ್ಡರ್‌ಗಳು ಕಮ್ಮಿ ಇರುವಾಗ.